ಕಾಲಂ ಕದಲದಂತೆ ಒಂದು ಕೋಷ್ಟಕ

ಬಾಗಲಕೋಟೆಯಲ್ಲಿ ವರದಿಗಾರರು ಮತ್ತು ಸಂಶೋಧನಾ ವಿದ್ಯಾರ್ಥಿಗಳ ಮುಂದೆ ಆಡಿದ ಮಾತಿನ ಬರಹ ರೂಪ

ಇವತ್ತು ಒಂದೇ ಕೆಲಸ ಮಾಡೋಣ. ನೂರಾರು ಪುಟದ ಒಂದು ಪಿಡಿಎಫ್ ವರದಿ ನಿಮ್ಮ ಹತ್ತಿರ ಇದೆ. ಅದರಲ್ಲಿ ನಿಮಗೆ ಬೇಕಾಗಿರುವುದು ಒಂದೇ ಕೋಷ್ಟಕ. ಅದು ಎಕ್ಸೆಲ್ ಹಾಳೆಗೆ ಬರಬೇಕು. ಸುಮ್ನೆ ಬಂದರೆ ಸಾಲದು. ಗಂಡಸರ ಸಂಖ್ಯೆ ಗಂಡಸರ ಕಾಲಂನಲ್ಲೇ, ಹೆಂಗಸರ ಸಂಖ್ಯೆ ಹೆಂಗಸರ ಕಾಲಂನಲ್ಲೇ ಕೂತಿರಬೇಕು. ಕೂತಿದೆ ಅಂತ ನಿಮಗೆ ಖಾತ್ರಿಯೂ ಆಗಬೇಕು. ಕೋಷ್ಟಕ ತೆಗೆಯುವುದಕ್ಕೆ ನೂರು ದಾರಿ ಇವೆ. ಖಾತ್ರಿ ಮಾಡಿಕೊಳ್ಳುವ ದಾರಿಗಳು ಕಡಿಮೆ, ಹಾಗಾಗಿ ಅದರ ಮೇಲೆ ಜಾಸ್ತಿ ಹೊತ್ತು ಕಳೆಯುತ್ತೇನೆ.

ಉದಾಹರಣೆಗೆ ನಮ್ಮದೇ ಜಿಲ್ಲೆಯ ವರದಿ ತೆಗೆದುಕೊಂಡಿದ್ದೇನೆ. 2011ರ ಜನಗಣತಿಯ ಬಾಗಲಕೋಟೆ ಜಿಲ್ಲಾ ಕೈಪಿಡಿ. ಆಗ ಜಿಲ್ಲೆಯಲ್ಲಿ ಆರು ತಾಲೂಕು: ಜಮಖಂಡಿ, ಬೀಳಗಿ, ಮುಧೋಳ, ಬಾದಾಮಿ, ಬಾಗಲಕೋಟೆ, ಹುನಗುಂದ. ನಮಗೆ ಬೇಕಾಗಿರುವುದು ಜಮಖಂಡಿ ತಾಲೂಕಿನ ಹಳ್ಳಿವಾರು ಜನಸಂಖ್ಯೆಯ ಕೋಷ್ಟಕ. ಹಳ್ಳಿಯ ಹೆಸರು, ಮನೆಗಳ ಸಂಖ್ಯೆ, ಒಟ್ಟು ಜನ, ಗಂಡು, ಹೆಣ್ಣು, ಆರು ವರ್ಷದವರೆಗಿನ ಮಕ್ಕಳು, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಅಕ್ಷರಸ್ಥರು, ಅನಕ್ಷರಸ್ಥರು, ಹೀಗೆ ಸಾಗುತ್ತದೆ.

ಇಲ್ಲಿ ಯಾರಾದರೂ ಜಾಣರು ಕೇಳಬೇಕು: ಈ ಅಂಕಿಗಳ ಎಕ್ಸೆಲ್ ಫೈಲೇ ಜನಗಣತಿ ಇಲಾಖೆಯ ಜಾಲತಾಣದಲ್ಲಿ ಸಿಗುತ್ತದಲ್ಲ, ಪಿಡಿಎಫ್ ಜೊತೆ ಯಾಕೆ ಗುದ್ದಾಟ? ಸರಿಯಾದ ಪ್ರಶ್ನೆ. ಯಾವ ವರದಿಯೇ ಆಗಲಿ, ಮೊದಲು ಮೂಲ ಫೈಲ್ ಸಿಗುತ್ತದಾ ನೋಡಿ. ಸಿಕ್ಕರೆ ನನ್ನ ಮಾತು ಬಿಟ್ಟು ಅದನ್ನೇ ಇಳಿಸಿಕೊಳ್ಳಿ. ಇವತ್ತು ಬೇಕಂತಲೇ ಇದನ್ನು ಆರಿಸಿದ್ದೇನೆ. ಯಾಕಂದರೆ ಇದಕ್ಕೆ ಉತ್ತರಪತ್ರಿಕೆ ಇದೆ. ಪಿಡಿಎಫ್‌ನಿಂದ ನೀವು ತೆಗೆದದ್ದು ಸರಿಯೋ ತಪ್ಪೋ ಅಂತ ಆ ಎಕ್ಸೆಲ್ ಜೊತೆ ತಾಳೆ ನೋಡಬಹುದು. ಇದರಲ್ಲಿ ಕೈ ಪಳಗಿದರೆ, ಎಕ್ಸೆಲ್ ಸಿಗದ ವರದಿಗಳಲ್ಲಿ ಧೈರ್ಯವಾಗಿ ಕೆಲಸ ಮಾಡಬಹುದು.

ಪಿಡಿಎಫ್‌ನಿಂದ ಕೋಷ್ಟಕ ನಕಲು ಮಾಡಿ ಎಕ್ಸೆಲ್‌ಗೆ ಅಂಟಿಸಿದರೆ ಏನಾಗುತ್ತದೆ ಅಂತ ನಿಮಗೆಲ್ಲ ಗೊತ್ತು. ಇಡೀ ಸಾಲು ಒಂದೇ ಸೆಲ್‌ಗೆ ಬಂದು ಬೀಳುತ್ತದೆ. ಇಲ್ಲವೇ ಎಲ್ಲ ಅಂಕಿಗಳೂ ಒಂದರ ಕೆಳಗೆ ಒಂದು ಉದ್ದಕ್ಕೆ ಇಳಿಯುತ್ತವೆ. ಯಾಕೆ ಹೀಗೆ? ಪಿಡಿಎಫ್ ಒಳಗೆ, ಹೆಚ್ಚಿನ ಸಲ, ಕೋಷ್ಟಕ ಅನ್ನುವ ವಸ್ತುವೇ ಇರುವುದಿಲ್ಲ. ಸಾಲು ಇಲ್ಲ, ಕಾಲಂ ಇಲ್ಲ, ಸೆಲ್ ಇಲ್ಲ. ಇರುವುದು ಇಷ್ಟೇ: ಈ ಅಕ್ಷರವನ್ನು ಪುಟದ ಇಂಥ ಜಾಗದಲ್ಲಿ ಇಡು, ಆ ಅಕ್ಷರವನ್ನು ಅಲ್ಲಿ ಇಡು, ಇಲ್ಲಿಂದ ಅಲ್ಲಿಗೆ ಒಂದು ಗೆರೆ ಎಳೆ. ಗೋಡೆಗೆ ಅಳತೆ ಹಿಡಿದು ಚೀಟಿ ಅಂಟಿಸಿದ ಹಾಗೆ. ನೋಡುವ ನಮ್ಮ ಕಣ್ಣಿಗೆ ಅದು ಕೋಷ್ಟಕ.

ಇದನ್ನು ಹತ್ತಿರದಿಂದ ನೋಡಬೇಕಾ? ಪಾಪ್ಲರ್ ಅನ್ನುವ ಉಚಿತ ಉಪಕರಣಗಳ ಕಟ್ಟಿನಲ್ಲಿ `pdftotext` ಅಂತ ಒಂದಿದೆ. ಅದಕ್ಕೆ `-bbox` ಅಂತ ಹೇಳಿದರೆ ಪ್ರತಿಯೊಂದು ಪದವೂ ಪುಟದಲ್ಲಿ ಎಲ್ಲಿದೆ ಅಂತ ಬರೆದುಕೊಡುತ್ತದೆ. ಒಂದು ಸಾಲು ಹೀಗಿರುತ್ತದೆ:

```
<word xMin="252.400000" yMin="188.100000" xMax="275.000000" yMax="197.300000">2,105</word>
```

ಎಡಗಡೆಯಿಂದ 252 ಪಾಯಿಂಟ್ ದೂರದಲ್ಲಿ ಶುರು, 275ರಲ್ಲಿ ಮುಗಿತು. ಒಂದು ಇಂಚಿಗೆ 72 ಪಾಯಿಂಟ್. ಈ 2,105 ಅನ್ನುವುದು ಜನಸಂಖ್ಯೆಯೋ ಮನೆ ಸಂಖ್ಯೆಯೋ ಅಂತ ಎಲ್ಲೂ ಬರೆದಿಲ್ಲ ನೋಡ್ರಿ. ಅದು ಯಾವ ಕಾಲಂಗೆ ಸೇರಿದ್ದು ಅನ್ನುವುದನ್ನು ಅದು ನಿಂತ ಜಾಗದಿಂದಲೇ ಊಹಿಸಬೇಕು. ಕೋಷ್ಟಕ ತೆಗೆಯುವ ಎಲ್ಲ ಸಾಫ್ಟ್‌ವೇರ್‌ಗಳೂ ಮಾಡುವುದು ಇದೇ ಊಹೆಯನ್ನು.

ಇದರಿಂದ ಇನ್ನೊಂದು ವಿಷಯ ಗೊತ್ತಾಗುತ್ತದೆ. ಕೋಷ್ಟಕದಲ್ಲಿ ಒಂದು ಮನೆ ಖಾಲಿ ಇದ್ದರೆ, ಪಿಡಿಎಫ್‌ನಲ್ಲಿ ಆ ಜಾಗದಲ್ಲಿ ಏನೂ ಇರುವುದಿಲ್ಲ. ಖಾಲಿ ಸೆಲ್ ಅಂತ ಒಂದು ವಸ್ತು ಅಲ್ಲಿ ಇಲ್ಲ. ನಕಲು ಮಾಡಿದಾಗ ಆ ಖಾಲಿ ಜಾಗ ಮಾಯವಾಗಿ, ಬಲಗಡೆಯ ಅಂಕಿಗಳೆಲ್ಲ ಒಂದೊಂದು ಹೆಜ್ಜೆ ಎಡಕ್ಕೆ ಸರಿಯುತ್ತವೆ. ಕಾಲಂ ಕದಲಲು ದೊಡ್ಡ ಕಾರಣ ಇದೇ. ಇದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ, ಮತ್ತೆ ಇದಕ್ಕೆ ಬರುತ್ತೇನೆ.

ಈಗ ಕೆಲಸ ಶುರು ಮಾಡೋಣ. ಮೊದಲು ಆ ಪಿಡಿಎಫ್‌ನಲ್ಲಿ ಅಕ್ಷರ ಇದೆಯೋ ಬರೀ ಚಿತ್ರ ಇದೆಯೋ ನೋಡಬೇಕು. ಕೋಷ್ಟಕದಲ್ಲಿ ಕಣ್ಣಿಗೆ ಕಾಣುವ ಒಂದು ದೊಡ್ಡ ಅಂಕಿಯನ್ನು `Ctrl+F` ಒತ್ತಿ ಹುಡುಕಿ. ಸಿಕ್ಕರೆ ಅಕ್ಷರ ಇದೆ. ಸಿಗದಿದ್ದರೆ ಮೌಸ್ ಎಳೆದು ಆ ಅಂಕಿ ಆಯ್ಕೆಯಾಗುತ್ತದಾ ನೋಡಿ. ಇಡೀ ಪುಟವೇ ಒಂದು ನೀಲಿ ಚೌಕವಾಗಿ ಆಯ್ಕೆಯಾದರೆ ಅದು ಸ್ಕ್ಯಾನ್ ಮಾಡಿದ ಪುಟ. ಅದರ ದಾರಿ ಬೇರೆ, ಕೊನೆಗೆ ಎರಡು ಮಾತು ಹೇಳುತ್ತೇನೆ.

ಆಮೇಲೆ ಬೇಕಾದ ಪುಟಗಳನ್ನಷ್ಟೇ ಕತ್ತರಿಸಿಕೊಳ್ಳಿ. ದೊಡ್ಡ ಫೈಲನ್ನು ಇಡಿಯಾಗಿ ಹಾಕಿದರೆ ಸಾಫ್ಟ್‌ವೇರ್ ನಿಧಾನವಾಗುತ್ತದೆ, ಅಕ್ಕಪಕ್ಕದ ಕೋಷ್ಟಕಗಳೂ ಒಳಗೆ ನುಗ್ಗುತ್ತವೆ. ಇಲ್ಲಿ ಒಂದು ಎಚ್ಚರ ಬೇಕು. ಪುಟದ ಮೇಲೆ ಅಚ್ಚಾದ ಸಂಖ್ಯೆಯೇ ಬೇರೆ, ಪಿಡಿಎಫ್ ಎಣಿಸುವ ಸಂಖ್ಯೆಯೇ ಬೇರೆ. ಮುನ್ನುಡಿ, ನಕ್ಷೆ, ಪರಿವಿಡಿ ಎಲ್ಲ ಮುಂದೆ ಇರುತ್ತವಲ್ಲ, ಅವನ್ನೂ ಪಿಡಿಎಫ್ ಎಣಿಸುತ್ತದೆ. ಪಿಡಿಎಫ್ ಎಣಿಕೆಯಲ್ಲಿ ನಿಮ್ಮ ಕೋಷ್ಟಕ 212ರಿಂದ 219ರವರೆಗೆ ಇದೆ ಅಂದುಕೊಳ್ಳಿ. ಆಗ `qpdf` ಅನ್ನುವ ಉಚಿತ ಉಪಕರಣದಲ್ಲಿ ಹೀಗೆ ಕೊಡಿ:

```
qpdf report.pdf --pages . 212-219 -- jamakhandi.pdf
```

ಕಮಾಂಡ್ ಬೇಡ ಅನ್ನುವವರು ಬ್ರೌಸರ್‌ನಲ್ಲಿ ತೆರೆದು, ಪ್ರಿಂಟ್ ಕೊಟ್ಟು, ಪುಟ ಸಂಖ್ಯೆ ಹಾಕಿ ಪಿಡಿಎಫ್ ಆಗಿ ಉಳಿಸಬಹುದು. ಆದರೆ ಹಾಗೆ ಉಳಿಸಿದ ಮೇಲೆ ಮತ್ತೊಮ್ಮೆ `Ctrl+F` ಪರೀಕ್ಷೆ ಮಾಡಿ. ಪ್ರಿಂಟ್ ದಾರಿಯಲ್ಲಿ ಕೆಲವು ಸಲ ಅಕ್ಷರಗಳು ಚಿತ್ರವಾಗಿಬಿಡುತ್ತವೆ.

ಇನ್ನು ತೆಗೆಯುವ ಕೆಲಸ. ನಾನು ಟ್ಯಾಬ್ಯುಲಾ ತೋರಿಸುತ್ತೇನೆ. ಉಚಿತ. ಪತ್ರಕರ್ತರಿಗಾಗಿಯೇ ಮಾಡಿದ್ದು. ಜಾವಾ ಬೇಕು. ಬ್ರೌಸರ್‌ನಲ್ಲಿ `http://127.0.0.1:8080` ಅಂತ ತೆರೆದುಕೊಳ್ಳುತ್ತದೆ, ಆದರೆ ಕೆಲಸ ನಡೆಯುವುದು ನಿಮ್ಮ ಕಂಪ್ಯೂಟರ್ ಒಳಗೇ. ಫೈಲ್ ಎಲ್ಲಿಗೂ ಹೋಗುವುದಿಲ್ಲ. ಹೊರಗೆ ಬಿಡಬಾರದ ದಾಖಲೆ ಇದ್ದವರಿಗೆ ಇದು ಮುಖ್ಯ. ಸಿಕ್ಕ ಸಿಕ್ಕ ಉಚಿತ ಜಾಲತಾಣಕ್ಕೆ ಆಫೀಸಿನ ಕಾಗದ ಹಾಕುವ ಅಭ್ಯಾಸ ನನಗಂತೂ ಇಷ್ಟವಿಲ್ಲ.

ಟ್ಯಾಬ್ಯುಲಾದಲ್ಲಿ ಎರಡು ವಿಧಾನ ಇವೆ. `Lattice` ಅನ್ನುವುದು ಗೆರೆ ನೋಡಿ ಕಾಲಂ ಹುಡುಕುತ್ತದೆ. ಪ್ರತಿ ಸೆಲ್‌ಗೂ ನಾಲ್ಕೂ ಕಡೆ ಗೆರೆ ಇದ್ದರೆ ಅದು ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ, ಖಾಲಿ ಸೆಲ್ ಕೂಡ ಖಾಲಿಯಾಗಿಯೇ ಬರುತ್ತದೆ. `Stream` ಅನ್ನುವುದು ನಡುವಿನ ಬಿಳಿ ಜಾಗ ನೋಡಿ ಊಹಿಸುತ್ತದೆ. ಉದ್ದದ ಅಂಕಿಅಂಶ ಕೋಷ್ಟಕಗಳಲ್ಲಿ ಹೆಚ್ಚಾಗಿ ತಲೆಬರಹದ ಮೇಲೆ ಕೆಳಗೆ ಮಾತ್ರ ಗೆರೆ ಇರುತ್ತದೆ, ಸಾಲುಗಳ ನಡುವೆ ಇರುವುದಿಲ್ಲ. ಅಲ್ಲಿ `Stream` ಬೇಕು.

`Stream` ಎಡವುವುದು ಎಲ್ಲಿ ಗೊತ್ತಾ? ತಲೆಬರಹದಲ್ಲಿ. ನಮ್ಮ ಸರ್ಕಾರಿ ಕೋಷ್ಟಕಗಳ ತಲೆಬರಹ ಎರಡು ಮೂರು ಅಂತಸ್ತು. ಮೇಲೆ 'ಒಟ್ಟು ಜನಸಂಖ್ಯೆ' ಅಂತ ಮೂರು ಕಾಲಂ ಮೇಲೆ ಹರಡಿಕೊಂಡು ಬರೆದಿರುತ್ತದೆ. ಅದರ ಕೆಳಗೆ ಒಟ್ಟು, ಗಂಡು, ಹೆಣ್ಣು. ಆ ಅಗಲವಾದ ಬರಹ ಮೂರು ಕಾಲಂಗಳ ನಡುವಿನ ಬಿಳಿ ಜಾಗವನ್ನು ಮುಚ್ಚಿಬಿಡುತ್ತದೆ. ಸಾಫ್ಟ್‌ವೇರ್‌ಗೆ ಅಲ್ಲಿ ಸಂದು ಕಾಣುವುದಿಲ್ಲ, ಮೂರನ್ನೂ ಒಂದೇ ಕಾಲಂ ಅಂದುಕೊಳ್ಳುತ್ತದೆ.

ಹಾಗಾಗಿ ತಲೆಬರಹವನ್ನು ಆಯ್ಕೆ ಮಾಡಲೇಬೇಡಿ. ಅದನ್ನು ಎಕ್ಸೆಲ್‌ನಲ್ಲಿ ಕೈಯಿಂದ ಟೈಪ್ ಮಾಡಿ, ಎಷ್ಟು ಹೊತ್ತು ಹಿಡಿದೀತು? ಆಯ್ಕೆಯ ಚೌಕವನ್ನು ತಲೆಬರಹದ ಕೆಳಗಿನಿಂದ ಶುರು ಮಾಡಿ. ಆದರೆ ಸ್ವಲ್ಪ ನಿಲ್ಲಿ. ತಲೆಬರಹದ ಕೆಳಗೆ, ಅಂಕಿಗಳ ಮೇಲೆ, ಇನ್ನೊಂದು ಸಾಲು ಇರುತ್ತದೆ. 1, 2, 3, 4, 5 ಅಂತ ಕಾಲಂ ಸಂಖ್ಯೆಗಳು. ಇದನ್ನು ಎಲ್ಲರೂ ಕಸ ಅಂತ ಬಿಡುತ್ತಾರೆ. ನೀವು ಬಿಡಬೇಡಿ. ಈ ಸಾಲಿನಲ್ಲಿ ಒಂದೂ ಖಾಲಿ ಮನೆ ಇರುವುದಿಲ್ಲ, ಪ್ರತಿ ಕಾಲಂಗೂ ಒಂದು ಅಂಕಿ ಇದ್ದೇ ಇರುತ್ತದೆ. ಹೊರಗೆ ಬಂದಾಗ ಒಂದೊಂದು ಸೆಲ್‌ಗೂ ಒಂದೊಂದು ಸಂಖ್ಯೆ ಬಿಡದೆ ಬಂದಿದ್ದರೆ, ಆ ಪುಟದ ಕಾಲಂಗಳನ್ನು ಸಾಫ್ಟ್‌ವೇರ್ ಸರಿಯಾಗಿ ಗುರುತಿಸಿದೆ ಅಂತ. ಒಂದೇ ಸೆಲ್‌ನಲ್ಲಿ '7 8' ಅಂತ ಬಂದಿದ್ದರೆ ಏಳು ಮತ್ತು ಎಂಟು ಕೂಡಿಹೋಗಿವೆ. ಆರಾದ ಮೇಲೆ ಒಂದು ಖಾಲಿ ಸೆಲ್ ಬಂದು ಆಮೇಲೆ ಏಳು ಬಂದಿದ್ದರೆ, ಇಲ್ಲದ ಕಾಲಂ ಒಂದು ಹುಟ್ಟಿಕೊಂಡಿದೆ. ಎಷ್ಟೇ ಅಗಲದ ಕೋಷ್ಟಕವಾದರೂ ಈ ಒಂದು ಸಾಲು ನೋಡಿದರೆ ಸಾಕು, ಎಲ್ಲಿ ಹರಿದಿದೆ ಅಂತ ತಿಳಿಯುತ್ತದೆ.

ಮೊದಲ ಪುಟದಲ್ಲಿ ಚೌಕ ಎಳೆದ ಮೇಲೆ ಅದೇ ಚೌಕವನ್ನು ಮುಂದಿನ ಪುಟಗಳಿಗೂ ಹಾಕಲು `Repeat this Selection` ಇದೆ. ಹಾಕಿ, ಆದರೆ ಪ್ರತಿ ಪುಟವನ್ನೂ ಕಣ್ಣಲ್ಲಿ ನೋಡಿ. ತಾಲೂಕು ಮುಗಿಯುವ ಪುಟದಲ್ಲಿ ಕೋಷ್ಟಕ ಅರ್ಧಕ್ಕೇ ನಿಂತು ಮುಂದಿನ ತಾಲೂಕು ಶುರುವಾಗಿರಬಹುದು. ಚೌಕ ಕಿರಿದಾಗಿ ಕೊನೆಯ ಹಳ್ಳಿ ಹೊರಗೆ ಉಳಿದರೆ, ಆಮೇಲೆ ಅದನ್ನು ಹುಡುಕುವುದು ಕಷ್ಟ. ಆಮೇಲೆ `Preview & Export Extracted Data` ಒತ್ತಿ, `Stream` ಆರಿಸಿ, ಮೇಲಿನ ಕಾಲಂ ಸಂಖ್ಯೆಗಳ ಸಾಲು ನೋಡಿ, ಸರಿ ಇದ್ದರೆ ಸಿಎಸ್‌ವಿ, ಅಂದರೆ ಅಲ್ಪವಿರಾಮದಿಂದ ಕಾಲಂ ಬಿಡಿಸಿದ ಬರೀ ಪಠ್ಯದ ಫೈಲಾಗಿ ಉಳಿಸಿ.

ಸರಿ ಇಲ್ಲದಿದ್ದರೆ? ಆಗ ಕಾಲಂ ಗಡಿಗಳನ್ನು ನಾವೇ ಹಾಕಬೇಕು. ಅದಕ್ಕೆ ಸುಲಭದ ದಾರಿ ಮತ್ತೆ `pdftotext`:

```
pdftotext -layout -f 3 -l 3 jamakhandi.pdf page3.txt
```

ಇದು ಮೂರನೇ ಪುಟವನ್ನು, ಅಕ್ಷರಗಳು ಇದ್ದ ಜಾಗವನ್ನು ಆದಷ್ಟು ಉಳಿಸಿಕೊಂಡು, ಬರೀ ಪಠ್ಯವಾಗಿ ಕೊಡುತ್ತದೆ. ಖಾಲಿ ಮನೆ ಇದ್ದಲ್ಲಿ ಖಾಲಿ ಜಾಗ ಹಾಗೇ ಇರುತ್ತದೆ. ಫೈಲಿನ ಹೆಸರಿನ ಕೊನೆಯನ್ನು `.csv` ಮಾಡಿ ಲಿಬ್ರೆಆಫೀಸ್ ಕ್ಯಾಲ್ಕ್‌ನಲ್ಲಿ ತೆರೆಯಿರಿ. ಬರುವ ಕಿಟಕಿಯಲ್ಲಿ `Fixed width` ಆರಿಸಿದರೆ ಮೇಲೆ ಒಂದು ಅಳತೆಪಟ್ಟಿ ಕಾಣುತ್ತದೆ. ಅದರ ಮೇಲೆ ಒತ್ತಿದಲ್ಲೆಲ್ಲ ಒಂದು ಕಾಲಂ ಗಡಿ ಬೀಳುತ್ತದೆ. ಎಕ್ಸೆಲ್‌ನಲ್ಲಾದರೆ ಪಠ್ಯವನ್ನು ಅಂಟಿಸಿ, `Data` ಒಳಗೆ `Text to Columns`, ಅಲ್ಲೂ `Fixed width`.

ಗಡಿ ಎಲ್ಲಿ ಹಾಕಬೇಕು? ಅಚ್ಚಾದ ಕೋಷ್ಟಕದಲ್ಲಿ ಹೆಸರುಗಳು ಎಡಕ್ಕೆ ಒತ್ತಿಕೊಂಡಿರುತ್ತವೆ, ಅಂಕಿಗಳು ಸಾಮಾನ್ಯವಾಗಿ ಬಲಕ್ಕೆ. ಅಂದರೆ ಒಂದು ಕಾಲಂನ ಎಲ್ಲ ಅಂಕಿಗಳೂ ಒಂದೇ ಜಾಗದಲ್ಲಿ ಮುಗಿಯುತ್ತವೆ, ಶುರುವಾಗುವುದು ಮಾತ್ರ ಬೇರೆ ಬೇರೆ ಕಡೆ. 96 ಮತ್ತು 12,480 ಎರಡರ ಕೊನೆಯ ಅಂಕಿಯೂ ಒಂದರ ಕೆಳಗೆ ಒಂದು ಇರುತ್ತದೆ. ಹಾಗಾಗಿ ಗಡಿಯನ್ನು ಕೊನೆಯ ಅಂಕಿಯ ಬೆನ್ನಿಗೇ, ಬಲಕ್ಕೆ ಒತ್ತಿ ಹಾಕಿ. ಎರಡು ಕಾಲಂಗಳ ನಟ್ಟನಡುವೆ ಹಾಕಿದರೆ ಮುಂದಿನ ಕಾಲಂನಲ್ಲಿ ಯಾವುದೋ ದೊಡ್ಡ ಊರು ಬಂದಾಗ ಅದರ ಮೊದಲ ಅಂಕಿ ತುಂಡಾಗಿ ಹಿಂದಿನ ಕಾಲಂಗೆ ಬೀಳುತ್ತದೆ. 12,480 ಹೋಗಿ 2,480 ಆಗುತ್ತದೆ. ನೋಡುವುದಕ್ಕೆ ಅದೂ ಒಂದು ಊರಿನ ಜನಸಂಖ್ಯೆಯ ಹಾಗೇ ಇರುತ್ತದೆ, ಅದೇ ತೊಂದರೆ.

ಈ ದಾರಿಯಲ್ಲಿ ಒಂದು ಮಿತಿ ಇದೆ. ಖಾಲಿ ಜಾಗದ ಲೆಕ್ಕ ಪುಟದಿಂದ ಪುಟಕ್ಕೆ ಬದಲಾಗುತ್ತದೆ. ಮೂರನೇ ಪುಟಕ್ಕೆ ಹಾಕಿದ ಗಡಿ ನಾಲ್ಕನೇ ಪುಟಕ್ಕೆ ಹೊಂದದೇ ಇರಬಹುದು. ಅದಕ್ಕೇ ಮೇಲಿನ ಕಮಾಂಡ್‌ನಲ್ಲಿ ಒಂದೇ ಪುಟ ತೆಗೆದದ್ದು, ನೀವೂ ಒಂದೊಂದೇ ಪುಟ ತೆಗೆಯಿರಿ. ಜಾಸ್ತಿ ಪುಟ ಇದ್ದರೆ ಬೇಜಾರಿನ ಕೆಲಸ, ಒಪ್ಪುತ್ತೇನೆ.

ಹಳ್ಳಿಯ ಹೆಸರುಗಳ ಬಗ್ಗೆ ಇಲ್ಲೇ ಒಂದು ಮಾತು. ನಮ್ಮ ಕಡೆ ಹಿರೇ, ಚಿಕ್ಕ ಅಂತ ಜೋಡಿ ಊರುಗಳು ತುಂಬಾ. ಜಮಖಂಡಿ ತಾಲೂಕಿನಲ್ಲೇ ಹಿರೇಪಡಸಲಗಿ, ಚಿಕ್ಕಪಡಸಲಗಿ ಇವೆ. ಬೆಳಗಾವಿ, ವಿಜಯಪುರದ ಕಡೆ ಹೋದರೆ ಬುದ್ರುಕ್, ಖುರ್ದ್ ಅಂತ ಹೆಸರಿನ ಹಿಂದೆ ಬಾಲ ಇರುತ್ತದೆ. ಹೆಸರು ಎರಡು ಪದವಾಗಿ ಅಚ್ಚಾಗಿದ್ದು, ನೀವು ಖಾಲಿ ಜಾಗ ಕಂಡಲ್ಲೆಲ್ಲ ಕತ್ತರಿಸು ಅಂತ ಹೇಳಿದರೆ, ಆ ಊರಿನ ಸಾಲು ಪೂರ್ತಿ ಬಲಕ್ಕೆ ಸರಿಯುತ್ತದೆ. ಅಕ್ಕಪಕ್ಕದ ಊರಿಗೆ ಏನೂ ಆಗಿರುವುದಿಲ್ಲ. `Fixed width`ನಲ್ಲಿ ಈ ಕಾಟ ಇಲ್ಲ.

ಸಿಎಸ್‌ವಿ ಬಂತು. ಈಗ ಅದರ ಮೇಲೆ ಎರಡು ಸಲ ಕ್ಲಿಕ್ ಮಾಡಿ ತೆರೆಯಬೇಡಿ. ಹಾಗೆ ತೆರೆದರೆ ಎಕ್ಸೆಲ್ ತನ್ನ ಬುದ್ಧಿ ಓಡಿಸುತ್ತದೆ. ಜನಗಣತಿಯ ತಾಲೂಕು ಕೋಡ್‌ಗಳು ಸೊನ್ನೆಯಿಂದ ಶುರುವಾಗುತ್ತವೆ, ಆ ಸೊನ್ನೆ ಹಾರಿಹೋಗುತ್ತದೆ. ಕೃಷಿ ಹಿಡುವಳಿಯ ಕೋಷ್ಟಕದಲ್ಲಿ '1-2' ಹೆಕ್ಟೇರ್ ಅಂತ ಇದ್ದದ್ದು ತಾರೀಕು ಆಗಿಬಿಡುತ್ತದೆ. ಎಕ್ಸೆಲ್‌ನಲ್ಲಿ `Data` ಒಳಗಿನ `From Text/CSV` ಮೂಲಕ ತನ್ನಿ, ಕೋಡ್ ಇರುವ ಕಾಲಂ ಪಠ್ಯ ಅಂತ ಹೇಳಿ. ಕ್ಯಾಲ್ಕ್‌ನಲ್ಲಾದರೆ ತೆರೆಯುವಾಗಲೇ ಕಿಟಕಿ ಬರುತ್ತದೆ, ಆ ಕಾಲಂ ಮೇಲೆ ಒತ್ತಿ `Text` ಮಾಡಿ.

ಇಲ್ಲಿ ಒಬ್ಬರು ಕೇಳಿದರು, ಹೊಸ ಎಕ್ಸೆಲ್‌ನಲ್ಲಿ ನೇರವಾಗಿ ಪಿಡಿಎಫ್ ತರುವ ಸೌಲಭ್ಯ ಇದೆಯಲ್ಲ ಸರ್ ಅಂತ. ಇದೆ. ವಿಂಡೋಸ್‌ನ ಮೈಕ್ರೋಸಾಫ್ಟ್ 365ರಲ್ಲಿ `Get Data`, `From File`, `From PDF`. ಗೆರೆ ಹಾಕಿದ ಕೋಷ್ಟಕಕ್ಕೆ ಚೆನ್ನಾಗಿದೆ, ಮೊದಲು ಅದನ್ನೇ ಪ್ರಯತ್ನಿಸಿದರೂ ತಪ್ಪಿಲ್ಲ. ಆದರೆ ಅದು `Changed Type` ಅಂತ ಒಂದು ಹೆಜ್ಜೆಯನ್ನು ತಾನಾಗಿಯೇ ಸೇರಿಸುತ್ತದೆ. ಸೊನ್ನೆ ಹಾರಿಸುವುದು ಅದೇ. ಆ ಹೆಜ್ಜೆಯನ್ನು ಅಳಿಸಿಹಾಕಿ.

ತಂದ ಮೇಲೆ ಅಂಕಿಗಳು ಸೆಲ್‌ನ ಎಡಕ್ಕೆ ಒತ್ತಿಕೊಂಡಿದ್ದರೆ ಅವು ಅಂಕಿಗಳಲ್ಲ, ಪಠ್ಯ. ಅಲ್ಪವಿರಾಮವೋ ಕಣ್ಣಿಗೆ ಕಾಣದ ಯಾವುದೋ ಖಾಲಿ ಅಕ್ಷರವೋ ಸೇರಿಕೊಂಡಿರುತ್ತದೆ. ಕೆಟ್ಟದ್ದು ಏನಂದರೆ `SUM` ಇಂಥವನ್ನು ಎಣಿಸುವುದೇ ಇಲ್ಲ, ದೋಷ ಅಂತಲೂ ಹೇಳುವುದಿಲ್ಲ. ಪಕ್ಕದ ಕಾಲಂನಲ್ಲಿ ಇದನ್ನು ಹಾಕಿ ಕೆಳಗೆ ಎಳೆಯಿರಿ:

```
=IF(D2="","",VALUE(SUBSTITUTE(SUBSTITUTE(D2,",",""),UNICHAR(160),"")))
```

ಇನ್ನು ಖಾತ್ರಿ ಮಾಡಿಕೊಳ್ಳುವ ಮಾತು. ಜನಗಣತಿಯ ಕೋಷ್ಟಕದ ಒಳ್ಳೆಯ ಗುಣ ಏನಂದರೆ ಅದು ತನ್ನ ಲೆಕ್ಕವನ್ನು ತಾನೇ ಹೇಳುತ್ತದೆ. ಗಂಡು, ಹೆಣ್ಣು ಕೂಡಿದರೆ ಒಟ್ಟು ಬರಬೇಕು. 2011ರಲ್ಲಿ ನಮ್ಮ ಜಿಲ್ಲೆಯಲ್ಲಿ ಗಂಡಸರು 9,50,111, ಹೆಂಗಸರು 9,39,641, ಕೂಡಿದರೆ 18,89,752. ಜಿಲ್ಲೆಯ ಸಾಲಿಗೆ ಹೇಗೋ ಪ್ರತಿ ಹಳ್ಳಿಯ ಸಾಲಿಗೂ ಹಾಗೇ. ಒಟ್ಟು ಜನ D ಕಾಲಂ, ಗಂಡು E, ಹೆಣ್ಣು F ಆದರೆ ಖಾಲಿ ಕಾಲಂ ಒಂದರಲ್ಲಿ `=D2-E2-F2` ಹಾಕಿ ಕೆಳಗೆ ಎಳೆಯಿರಿ. ಎಲ್ಲ ಕಡೆ ಸೊನ್ನೆ ಬರಬೇಕು. ಯಾವುದೋ ಒಂದು ಸಾಲಿನಲ್ಲಿ ಮಾತ್ರ ಬೇರೆ ಬಂದರೆ ಆ ಹಳ್ಳಿಯ ಸಾಲು ಸರಿದಿದೆ. ಒಂದು ಸಾಲಿನಿಂದ ಶುರುವಾಗಿ ಕೆಳಗೆಲ್ಲ ತಪ್ಪು ಬಂದರೆ ಅಲ್ಲೊಂದು ಹೊಸ ಪುಟ ಶುರುವಾಗಿದೆ, ಆ ಪುಟದ ಗಡಿ ತಪ್ಪಿದೆ.

ಇಷ್ಟಕ್ಕೇ ನಿಲ್ಲಿಸುವವರು ಬಹಳ ಜನ. ಇದು ಸಾಲದು. ಯಾಕೆ ಅಂತ ಒಂದು ಕಲ್ಪಿತ ಹಳ್ಳಿ ಇಟ್ಟುಕೊಂಡು ನೋಡೋಣ. ಅಂಕಿಗಳು ನಾನು ಹಾಕಿದ್ದು. ಒಟ್ಟು ಜನ 2,105, ಗಂಡು 1,062, ಹೆಣ್ಣು 1,043. ಪರಿಶಿಷ್ಟ ಜಾತಿಯವರು ಆ ಊರಲ್ಲಿ ಯಾರೂ ಇಲ್ಲ, ವರದಿಯವರು ಆ ಮೂರು ಮನೆಗಳನ್ನು ಖಾಲಿ ಬಿಟ್ಟಿದ್ದಾರೆ. ಪರಿಶಿಷ್ಟ ಪಂಗಡ 96, ಅದರಲ್ಲಿ ಗಂಡು 50, ಹೆಣ್ಣು 46. ಅಕ್ಷರಸ್ಥರು 1,180, ಅದರಲ್ಲಿ 690 ಮತ್ತು 490. ಅನಕ್ಷರಸ್ಥರು 925, ಅದರಲ್ಲಿ 372 ಮತ್ತು 553.

ಆ ಮೂರು ಖಾಲಿ ಮನೆಗಳು ಮಾಯವಾದವು ಅಂದುಕೊಳ್ಳಿ. ಬಲಗಡೆಯದೆಲ್ಲ ಮೂರು ಹೆಜ್ಜೆ ಎಡಕ್ಕೆ ಬಂತು. ಪರಿಶಿಷ್ಟ ಜಾತಿಯ ಜಾಗದಲ್ಲಿ 96, 50, 46 ಕೂತವು. ಪಂಗಡದ ಜಾಗದಲ್ಲಿ 1,180, 690, 490. ಈಗ ನಿಮ್ಮ ಕೂಡುವ ಪರೀಕ್ಷೆ ಮಾಡಿ. ಐವತ್ತು ಮತ್ತು ನಲವತ್ತಾರು ಕೂಡಿದರೆ ತೊಂಬತ್ತಾರು. ಸರಿ. 690 ಮತ್ತು 490 ಕೂಡಿದರೆ 1,180. ಅದೂ ಸರಿ. ಕಾಲಂಗಳು ಮೂರು ಮೂರರ ಗುಂಪಾಗಿರುವುದರಿಂದ, ಸರಿಯುವಾಗಲೂ ಗುಂಪುಗುಂಪಾಗಿಯೇ ಸರಿದವು. ಪರೀಕ್ಷೆ ಪಾಸ್, ಕೋಷ್ಟಕ ಫೇಲ್. ನೀವು ಆ ಊರಿನ ಅರ್ಧಕ್ಕಿಂತ ಜಾಸ್ತಿ ಜನ ಪರಿಶಿಷ್ಟ ಪಂಗಡದವರು ಅಂತ ಸುದ್ದಿ ಬರೆಯುತ್ತೀರಿ, ಓದಿದವರು ನಂಬಲೂಬಹುದು.

ಇದನ್ನು ಹಿಡಿಯಲು ಗುಂಪುಗಳ ನಡುವಿನ ಲೆಕ್ಕ ಬೇಕು. ಅಕ್ಷರಸ್ಥರು ಮತ್ತು ಅನಕ್ಷರಸ್ಥರು ಕೂಡಿದರೆ ಊರಿನ ಒಟ್ಟು ಜನಸಂಖ್ಯೆ ಬರಬೇಕು, ಯಾಕಂದರೆ ಜನಗಣತಿಯಲ್ಲಿ ಆರು ವರ್ಷದವರೆಗಿನ ಮಕ್ಕಳನ್ನೆಲ್ಲ ಅನಕ್ಷರಸ್ಥರ ಲೆಕ್ಕಕ್ಕೇ ಹಾಕುತ್ತಾರೆ. ನಮ್ಮ ಊರಿನಲ್ಲಿ 1,180 ಮತ್ತು 925 ಕೂಡಿದರೆ 2,105, ತಾಳೆಯಾಗುತ್ತದೆ. ಸರಿದುಹೋದ ಸಾಲಿನಲ್ಲಿ ಅಕ್ಷರಸ್ಥರ ಜಾಗದಲ್ಲಿ 925 ಕೂತಿರುತ್ತದೆ, ಅನಕ್ಷರಸ್ಥರ ಜಾಗಕ್ಕೆ ಅದರ ಪಕ್ಕದ ಕೆಲಸಗಾರರ ಸಂಖ್ಯೆ ಬಂದಿರುತ್ತದೆ. ಕೂಡಿ ನೋಡಿದರೆ ತಕ್ಷಣ ಸಿಕ್ಕಿಬೀಳುತ್ತದೆ.

ಇನ್ನೊಂದು, ಮೇಲಿನಿಂದ ಕೆಳಗೆ ಕೂಡುವುದು. ತಾಲೂಕಿನ ಗ್ರಾಮೀಣ ಒಟ್ಟು ಅಂತ ವರದಿಯಲ್ಲೇ ಒಂದು ಸಾಲು ಅಚ್ಚಾಗಿರುತ್ತದೆ. ನೀವು ತೆಗೆದ ಎಲ್ಲ ಹಳ್ಳಿಗಳನ್ನು ಕಾಲಂವಾರು ಕೂಡಿ, ಆ ಸಾಲಿನ ಜೊತೆ ಹೋಲಿಸಿ. ಕೂಡುವಾಗ ಆ ಒಟ್ಟು ಸಾಲನ್ನೇ ಸೇರಿಸಿಕೊಳ್ಳಬೇಡಿ, ಎರಡರಷ್ಟು ಬರುತ್ತದೆ. ಪುಟದ ಕೆಳಗೆ ಬಿಟ್ಟುಹೋದ ಹಳ್ಳಿ, ಎರಡು ಸಲ ಬಂದ ಹಳ್ಳಿ, 12,480 ಹೋಗಿ 2,480 ಆದದ್ದು, ಎಲ್ಲವೂ ಇಲ್ಲಿ ಹೊರಬೀಳುತ್ತವೆ. ವ್ಯತ್ಯಾಸ ಸರಿಯಾಗಿ 10,000 ಬಂದರೆ ಮೊದಲ ಅಂಕಿ ಎಲ್ಲೋ ಬಿದ್ದುಹೋಗಿದೆ ಅಂತ ನೋಡಿದ ಕೂಡಲೇ ಹೇಳಬಹುದು. ಗಂಡು ಹೆಣ್ಣು ಕಾಲಂಗಳ ತಲೆಬರಹವನ್ನು ನೀವೇ ಅದಲುಬದಲು ಟೈಪ್ ಮಾಡಿದ್ದರೆ ಮಾತ್ರ ಯಾವ ಕೂಡುವ ಲೆಕ್ಕವೂ ಹಿಡಿಯುವುದಿಲ್ಲ. ಅದಕ್ಕೆ ಕಾಲಂ ಸಂಖ್ಯೆ ಇಟ್ಟುಕೊಂಡು ಮೂಲ ಪುಟದ ತಲೆಬರಹ ಓದುವುದೊಂದೇ ದಾರಿ.

ಖಾಲಿ ಮನೆಗಳ ಮಾತು ಬಂತಲ್ಲ, ಬೇಚರಾಕ್ ಗ್ರಾಮಗಳನ್ನು ಮರೆಯಬಾರದು. ಕಂದಾಯ ದಾಖಲೆಯಲ್ಲಿ ಊರು ಇದೆ, ಹೊಲ ಇದೆ, ಜನ ಇಲ್ಲ. ಮುಳುಗಡೆ ಕಂಡ ಜಿಲ್ಲೆ ನಮ್ಮದು, ಇದನ್ನು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಜನಗಣತಿ ಪಟ್ಟಿಯಲ್ಲಿ ಇಂಥ ಊರುಗಳಿಗೂ ಒಂದು ಸಾಲು ಇರುತ್ತದೆ. ವರದಿಯಿಂದ ವರದಿಗೆ ಬರೆಯುವ ರೀತಿ ಬೇರೆ. ಕೆಲವರು ಸೊನ್ನೆ ಹಾಕುತ್ತಾರೆ, ಕೆಲವರು ಸಣ್ಣ ಗೆರೆ, ಕೆಲವರು ಖಾಲಿ. ಇವನ್ನೆಲ್ಲ ಒಂದೇ ಏಟಿಗೆ ಸೊನ್ನೆ ಮಾಡಬೇಡಿ. ಗೆರೆ ಅಂದರೆ ಯಾರೂ ಇಲ್ಲ ಅಂತಲೋ ಮಾಹಿತಿ ಸಿಕ್ಕಿಲ್ಲ ಅಂತಲೋ, ವರದಿಯ ಮುಂದಿನ ಟಿಪ್ಪಣಿ ನೋಡಿ. ಮೊದಲು ತೆಗೆದದ್ದನ್ನು ಒಂದು ಹಾಳೆಯಲ್ಲಿ ಇದ್ದ ಹಾಗೇ ಬಿಟ್ಟು, ತಿದ್ದುವುದನ್ನು ಇನ್ನೊಂದು ಹಾಳೆಯಲ್ಲಿ ಮಾಡಿ. ಪ್ರತಿ ಸಾಲಿನ ಪಕ್ಕ ಪಿಡಿಎಫ್ ಪುಟದ ಸಂಖ್ಯೆಯನ್ನೂ ಬರೆದಿಡಿ.

ಅಗಲವಾದ ಕೋಷ್ಟಕ ಎರಡು ಎದುರುಬದುರು ಪುಟಕ್ಕೆ ಹರಡಿಕೊಂಡಿದ್ದರೆ, ಎಡಪುಟದ್ದನ್ನು ಒಂದು ಹಾಳೆಗೆ, ಬಲಪುಟದ್ದನ್ನು ಇನ್ನೊಂದಕ್ಕೆ ತೆಗೆಯಿರಿ. ಬಲಪುಟದಲ್ಲೂ ಕ್ರಮಸಂಖ್ಯೆಯೋ ಕೋಡೋ ಇದ್ದರೆ ಅದರ ಮೇಲೆ `VLOOKUP` ಹಾಕಿ ಜೋಡಿಸಿ. ಏನೂ ಇಲ್ಲದಿದ್ದರೆ ಎರಡೂ ಕಡೆ ಸಾಲುಗಳ ಸಂಖ್ಯೆ ಪುಟಪುಟಕ್ಕೂ ಸಮ ಇದೆಯಾ ಎಣಿಸಿದ ಮೇಲೆ ಪಕ್ಕಪಕ್ಕ ಇಡಿ. ಹೆಸರಿನ ಮೇಲೆ ಜೋಡಿಸಬೇಡಿ, ಒಂದೇ ಹೆಸರಿನ ಊರುಗಳು ಒಂದೇ ತಾಲೂಕಿನಲ್ಲೂ ಇರುತ್ತವೆ.

ಕನ್ನಡದ ವರದಿಗಳ ಬಗ್ಗೆ ಕೇಳಿದಿರಿ. ಹಳೆಯ ನುಡಿ, ಬರಹ ಫಾಂಟ್‌ನಲ್ಲಿ ಮಾಡಿದ ಪಿಡಿಎಫ್‌ನಿಂದ ತೆಗೆದರೆ ಊರಿನ ಹೆಸರು `PÀ£ÀßqÀ` ಅನ್ನುವ ಥರ ಬರುತ್ತದೆ. ಗಾಬರಿ ಬೇಡ. ಹೆಸರು ಕೆಟ್ಟರೂ, ಸಾಮಾನ್ಯ ಅಂಕಿಗಳಲ್ಲಿ ಅಚ್ಚಾಗಿದ್ದರೆ ಅವು ಸರಿಯಾಗಿಯೇ ಬರುತ್ತವೆ. ಅಂಕಿಗಳನ್ನು ಇಟ್ಟುಕೊಳ್ಳಿ. ಹೆಸರುಗಳನ್ನು ಆಸ್ಕಿಯಿಂದ ಯೂನಿಕೋಡ್‌ಗೆ ಬದಲಿಸುವ ಸಾಧನಕ್ಕೆ ಕೊಡಿ, ತಾಲೂಕಿನಷ್ಟೇ ಹೆಸರಾದರೆ ಕೈಯಿಂದ ಟೈಪ್ ಮಾಡುವುದೇ ಬೇಗ. ಸ್ಕ್ಯಾನ್ ಪುಟಕ್ಕೆ ಮೊದಲು `ocrmypdf` ಥರದ್ದನ್ನು ಓಡಿಸಿ ಅಕ್ಷರ ಬರಿಸಬೇಕು, ಆಮೇಲೆ ಇದೇ ದಾರಿ. ಅಲ್ಲಿ 3 ಮತ್ತು 8, 1 ಮತ್ತು 7 ಒಂದಕ್ಕೊಂದು ಬದಲಾಗುತ್ತವೆ. ಕೂಡುವ ಲೆಕ್ಕ ಮಾಡದೆ ಸ್ಕ್ಯಾನ್‌ನಿಂದ ಬಂದ ಒಂದು ಅಂಕಿಯನ್ನೂ ನಾನು ಬಳಸುವುದಿಲ್ಲ.

ಕೊನೆಯದಾಗಿ ಹಿಂದಿನ ಸಾಲಿನವರ ಪ್ರಶ್ನೆ: ನಮ್ಮದು ರಬಕವಿ-ಬನಹಟ್ಟಿ ತಾಲೂಕು, ಈ ಕೋಷ್ಟಕದಲ್ಲಿ ಅದೇ ಇಲ್ಲವಲ್ಲ? 2011ರಲ್ಲಿ ರಬಕವಿ-ಬನಹಟ್ಟಿ ಪಟ್ಟಣ ಜಮಖಂಡಿ ತಾಲೂಕಿನ ಒಳಗಿತ್ತು, ಹೊಸ ತಾಲೂಕು ಆದದ್ದು ಆಮೇಲೆ. ಹಾಗಂತ ತೆಗೆದ ಹಾಳೆಯಲ್ಲಿ ತಾಲೂಕಿನ ಹೆಸರು ತಿದ್ದಿದರೆ, ವರದಿಯ ತಾಲೂಕು ಒಟ್ಟು ನಿಮ್ಮ ಒಟ್ಟಿಗೆ ಹೊಂದುವುದಿಲ್ಲ, ಇಷ್ಟು ಹೊತ್ತು ಮಾಡಿದ ಪರೀಕ್ಷೆ ಕೈಬಿಟ್ಟುಹೋಗುತ್ತದೆ. ಮೊದಲು ಹಳೆಯ ಜಮಖಂಡಿಯ ಲೆಕ್ಕಕ್ಕೆ ತಾಳೆ ಮಾಡಿ. ತಾಳೆಯಾದ ಮೇಲೆ 'ಈಗಿನ ತಾಲೂಕು' ಅಂತ ಕೊನೆಯಲ್ಲಿ ಒಂದು ಕಾಲಂ ಸೇರಿಸಿ, ಪ್ರತಿ ಹಳ್ಳಿಯ ಮುಂದೆ ಹೊಸ ತಾಲೂಕಿನ ಹೆಸರು ಬರೆದು, ಆ ಕಾಲಂ ಮೇಲೆ `SUMIF` ಹಾಕಿ ಕೂಡಿಕೊಳ್ಳಿ.